ಬೇರೆಯವರ ಪ್ರಸಂಗದಿಂದ ಪ್ರಾಮಾಣಿಕವಾಗಿ ಎರವಲು ಪಡೆಯುವುದು ಹೇಗೆ: ಮಾರ್ಕನ ಬಿರುಗಾಳಿಯನ್ನು ಇಟ್ಟುಕೊಂಡು ಒಂದು ಮಾರ್ಗದರ್ಶಿ

ಆರಾಧನೆ ಮುಗಿದ ಮೇಲೆ ನಾನು ಬಾಗಿಲ ಬಳಿ ನಿಂತು ಎಲ್ಲರನ್ನೂ ಕಳುಹಿಸಿಕೊಡುತ್ತಿದ್ದಾಗ, ಎಂಟು ತಿಂಗಳ ಹಿಂದೆ ಮಗನನ್ನು ಕಳೆದುಕೊಂಡಿದ್ದ ತಾಯಿಯೊಬ್ಬರು ನನ್ನ ಕೈಯನ್ನು ಹಿಡಿದವರು ಬಿಡದೆ ಕೇಳಿದರು: "ಅಯ್ಯನವರೇ, ಹಾಗಾದರೆ ನನ್ನ ಮಗನ ದೋಣಿಯಲ್ಲಿ ಯೇಸುಸ್ವಾಮಿ ಇರಲಿಲ್ಲವೇ?" ಆ ಬೆಳಿಗ್ಗೆ ನಾನು ಮಾರ್ಕ 4:35–41ರ ಮೇಲೆ ಪ್ರಸಂಗ ಮಾಡುತ್ತಾ, ಯೇಸು ಇರುವ ದೋಣಿ ಮುಳುಗುವುದಿಲ್ಲ ಎಂದು ಮೂರು ಸಲ ಒತ್ತಿ ಹೇಳಿದ್ದೆ. ಆ ವಾಕ್ಯ ನನ್ನದಲ್ಲ. ಶನಿವಾರ ರಾತ್ರಿ ಕೇಳಿದ ಒಂದು ವಿಡಿಯೊದಿಂದ, ಅದು ಕಿವಿಗೆ ಚೆನ್ನಾಗಿ ಕೇಳಿಸಿತೆಂಬ ಒಂದೇ ಕಾರಣಕ್ಕೆ, ಎತ್ತಿಕೊಂಡದ್ದು. ಆ ಬೋಧಕರ ಹೆಸರನ್ನು ನಾನು ಹೇಳಿರಲಿಲ್ಲ. ಹೇಳಿದ್ದರೂ ಆ ತಾಯಿಯ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ.

ಎರವಲು ಪಡೆಯುವವನಿಗೆ ಎರಡು ಸಾಲಗಳಿವೆ ಎಂಬುದು ನನಗೆ ಅಂದು ತಿಳಿಯಿತು. ಮಾತು ಕೊಟ್ಟವರಿಗೆ ಸಲ್ಲಬೇಕಾದದ್ದು ಹೆಸರು. ಎದುರಿಗೆ ಕುಳಿತು ಕೇಳುವವರಿಗೆ ಸಲ್ಲಬೇಕಾದದ್ದು, ಆ ಮಾತು ಅವರ ಬದುಕಿನ ಎದುರು ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಅದನ್ನು ಹೇಳುವುದು. ಅದೇ ಬಿರುಗಾಳಿಯ ವಾಕ್ಯಭಾಗವನ್ನು ಕೆಲವು ವರ್ಷಗಳ ನಂತರ ಮತ್ತೆ ತೆಗೆದುಕೊಂಡಾಗ ನಾನು ಅನುಸರಿಸಿದ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತೇನೆ.

ಹಂತ 1: ವಿಡಿಯೊ ತೆರೆಯುವ ಮೊದಲು ಅರ್ಧ ಪುಟ

ಯಾರ ಪ್ರಸಂಗವನ್ನಾದರೂ ಕೇಳುವ ಮುಂಚೆ ವಾಕ್ಯಭಾಗವನ್ನು ನೀವೇ ಓದಿ, ಕಂಡದ್ದನ್ನು ಅರ್ಧ ಪುಟದಷ್ಟಾದರೂ ಬರೆದು, ಮೇಲೆ ದಿನಾಂಕ ಹಾಕಿರಿ. ಇದು ಭಕ್ತಿಯ ಮಾತಷ್ಟೇ ಅಲ್ಲ, ಲೆಕ್ಕದ ಮಾತು. ಒಳ್ಳೆಯ ಬೋಧಕರೊಬ್ಬರನ್ನು ನಲವತ್ತು ನಿಮಿಷ ಕೇಳಿದ ಮೇಲೆ ವಾಕ್ಯಭಾಗವು ಅವರ ಕಣ್ಣಿನಿಂದಲೇ ಕಾಣತೊಡಗುತ್ತದೆ, ಆಮೇಲೆ ಯಾವುದು ಅವರಿಂದ ಬಂತು, ಯಾವುದು ನಿಮಗೇ ಹೊಳೆಯಿತು ಎಂದು ಬೇರ್ಪಡಿಸಲು ನಿಮ್ಮಿಂದಲೂ ಆಗುವುದಿಲ್ಲ. ದಿನಾಂಕ ಹಾಕಿದ ಆ ಅರ್ಧ ಪುಟ ಇದ್ದರೆ ಸಂಶಯ ಉಳಿಯುವುದಿಲ್ಲ.

ನನ್ನ ಅರ್ಧ ಪುಟದಲ್ಲಿ ಬಿದ್ದದ್ದು ಮೂರೇ ಸಂಗತಿ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದಾನೆ. ಶಿಷ್ಯರು ಅವನನ್ನು ಎಬ್ಬಿಸುವುದು ನಂಬಿಕೆಯಿಂದ ಅಲ್ಲ, ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯೇ ಇಲ್ಲವೇ ಎಂಬ ದೂರಿನಿಂದ. ಮತ್ತು 36ನೇ ವಚನದಲ್ಲಿ ಬೇರೆ ದೋಣಿಗಳೂ ಜೊತೆಗಿದ್ದವು ಎಂಬ ಮಾತು ಬರುತ್ತದೆ. ಆಮೇಲೆ ಆ ದೋಣಿಗಳ ಸುದ್ದಿಯೇ ಇಲ್ಲ. ಇವು ಮೂರೂ ಬಹಳ ಜನ ಗಮನಿಸಿರುವ ಸಂಗತಿಗಳೇ. ಆದರೂ ನಾನು ಪಠ್ಯದಿಂದಲೇ ಪಡೆದವು ಎಂಬ ಧೈರ್ಯ ನನಗಿತ್ತು.

ಕೇಳುವುದಕ್ಕೂ ಒಂದು ಗಡಿ ಬೇಕು. ಒಂದು ವಾಕ್ಯಭಾಗಕ್ಕೆ ಎರಡು ಅಥವಾ ಮೂರು ಪ್ರಸಂಗಗಳು ಸಾಕು. ಒಂದನ್ನೇ ಕೇಳಿದರೆ ಅದರ ನೆರಳಾಗುತ್ತೀರಿ, ಆರನ್ನು ಕೇಳಿದರೆ ಚೂರುಗಳನ್ನು ಹೊಲಿದು ಕೌದಿ ಮಾಡುತ್ತೀರಿ. ವಾರದ ಮಧ್ಯದಲ್ಲಿ ಕೇಳಿ ಮುಗಿಸಿ, ಶುಕ್ರವಾರದ ನಂತರ ಅದೇ ಭಾಗದ ಮೇಲೆ ಹೊಸದೇನನ್ನೂ ಕೇಳಬೇಡಿರಿ. ಶನಿವಾರ ರಾತ್ರಿ ಕೇಳಿದ್ದನ್ನು ಪರೀಕ್ಷಿಸಲು ಸಮಯವಿರುವುದಿಲ್ಲ, ಕೇಳಿದ ಹಾಗೆಯೇ ಅದು ಮಾರನೆಯ ದಿನ ಬಾಯಿಂದ ಹೊರಬರುತ್ತದೆ. ನನ್ನ ಮೊದಲ ಪ್ರಸಂಗದಲ್ಲಿ ಆದದ್ದು ಇದೇ.

ಹಂತ 2: ಟಿಪ್ಪಣಿಯಲ್ಲಿ ಮೂರು ಗುರುತು

ಎರವಲು ಕಳವಾಗುವುದು ವೇದಿಕೆಯ ಮೇಲೆ ಅಲ್ಲ, ಟಿಪ್ಪಣಿ ಪುಸ್ತಕದಲ್ಲಿ. ಬಹುತೇಕರು ಕದಿಯಬೇಕೆಂದು ಕದಿಯುವುದಿಲ್ಲ. ಕೇಳುತ್ತಾ ಬರೆದುಕೊಂಡ ಒಳ್ಳೆಯ ವಾಕ್ಯ ಯಾವ ಗುರುತೂ ಇಲ್ಲದೆ ಪುಟದಲ್ಲಿ ಕುಳಿತಿರುತ್ತದೆ. ನಾಲ್ಕು ದಿನ ಕಳೆದ ಮೇಲೆ ಅದೇ ಕೈಬರಹದಲ್ಲಿ ಇರುವುದೆಲ್ಲ ತಮ್ಮದೇ ಎಂದು ಅನ್ನಿಸುತ್ತದೆ. ವಿಡಿಯೊದ ಕೆಳಗೆ ತಾನಾಗಿ ಮೂಡುವ ಅಕ್ಷರರೂಪವನ್ನು ನಕಲು ಮಾಡಿ ತಮ್ಮ ಕಡತಕ್ಕೆ ಅಂಟಿಸಿಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಕೈಬರಹದ ವ್ಯತ್ಯಾಸವೂ ಉಳಿಯುವುದಿಲ್ಲ.

ಆದ್ದರಿಂದ ಪುಟದ ತಲೆಯಲ್ಲಿ ಮೊದಲು ಮೂಲವನ್ನು ಬರೆಯಿರಿ: ಬೋಧಕರ ಹೆಸರು, ಪ್ರಸಂಗದ ಶೀರ್ಷಿಕೆ, ಅದನ್ನು ಕೊಟ್ಟ ದಿನಾಂಕ, ಎಲ್ಲಿ ಸಿಕ್ಕಿತು ಎಂಬ ಕೊಂಡಿ. ಆಮೇಲೆ ಅವರದೇ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ, ಪಕ್ಕದಲ್ಲಿ ನಿಮಿಷ ಮತ್ತು ಸೆಕೆಂಡಿನೊಂದಿಗೆ ಬರೆಯಿರಿ. ಅವರ ಯೋಚನೆಯನ್ನು ನಿಮ್ಮ ಪದಗಳಲ್ಲಿ ಬರೆದಾಗ ಅಂಚಿನಲ್ಲಿ 'ಅ' ಎಂದು ಹಾಕಿರಿ. ಕೇಳುತ್ತಿರುವಾಗ ನಿಮಗೇ ಹೊಳೆದದ್ದರ ಪಕ್ಕದಲ್ಲಿ 'ನಾ' ಎಂದು ಹಾಕಿರಿ. ಈ ಮೂರು ಗುರುತುಗಳು ನಿಮ್ಮ ಪ್ರಸಂಗದ ಅಂತಿಮ ಪ್ರತಿಯವರೆಗೂ ಅಳಿಸಿಹೋಗಬಾರದು.

'ಅ' ಎಂಬ ಗುರುತಿನ ಸಾಲುಗಳನ್ನು ಬರೆಯುವಾಗ ವಿಡಿಯೊವನ್ನು ನಿಲ್ಲಿಸಿ, ಪರದೆಯನ್ನು ಮುಚ್ಚಿ, ನೆನಪಿನಿಂದ ಬರೆದು, ಆಮೇಲೆ ಹೋಲಿಸಿ ನೋಡಿರಿ. ವಾಕ್ಯದ ಕಟ್ಟು ಹಾಗೆಯೇ ಇದ್ದು ನಾಲ್ಕೈದು ಪದಗಳಷ್ಟೇ ಬದಲಾಗಿದ್ದರೆ ಅದು ನಿಮ್ಮ ಮಾತಲ್ಲ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದೇ ಸರಿ.

ಬೇರೆ ಭಾಷೆಯ ಪ್ರಸಂಗವನ್ನು ಕೇಳುವ ನಮ್ಮಂಥವರಿಗೆ ಇಲ್ಲೊಂದು ಮೋಸದ ಜಾಗವಿದೆ. ಅನುವಾದ ಮಾಡುವಾಗ ಪ್ರತಿಯೊಂದು ಪದವನ್ನೂ ನಾವೇ ಹುಡುಕಿ ಇಡುತ್ತೇವೆ. ಬೆವರು ನಮ್ಮದಾದ್ದರಿಂದ ಬೆಳೆಯೂ ನಮ್ಮದೇ ಎಂಬ ಭಾವನೆ ಬರುತ್ತದೆ. ಆದರೆ ಅನುವಾದದಿಂದ ಮಾತಿನ ಒಡೆತನ ಬದಲಾಗುವುದಿಲ್ಲ. ಅದಲ್ಲದೆ ಅನುವಾದಿತ ಪ್ರಸಂಗ ಕೇಳುವವರಿಗೆ ತಾನೇ ಗುಟ್ಟು ಬಿಟ್ಟುಕೊಡುತ್ತದೆ. ಆ ಭಾಷೆಯಲ್ಲಿ ಒಂದೇ ಅಕ್ಷರದಿಂದ ಶುರುವಾಗುತ್ತಿದ್ದ ಮೂರು ತಲೆಬರಹಗಳು ನಮ್ಮ ಭಾಷೆಗೆ ಬಂದಾಗ ಏಕೆ ಆ ಮೂರೇ ಪದಗಳು ಎಂಬುದಕ್ಕೆ ಕಾರಣವನ್ನೇ ಕಳೆದುಕೊಂಡು ನಿಂತಿರುತ್ತವೆ.

ಹಂತ 3: ಯಾವುದಕ್ಕೆ ಹೆಸರು ಹೇಳಬೇಕು

ಎಲ್ಲದಕ್ಕೂ ಹೆಸರು ಹೇಳುತ್ತಾ ಹೋದರೆ ಪ್ರಸಂಗವು ಅಡಿಟಿಪ್ಪಣಿಗಳ ಪಟ್ಟಿಯಾಗುತ್ತದೆ. ಯಾವುದಕ್ಕೂ ಹೇಳದಿದ್ದರೆ ಸುಳ್ಳಾಗುತ್ತದೆ. ಗೆರೆ ಎಲ್ಲಿ ಎಂಬುದನ್ನು ನಾನು ಕೇಳಿದ ಪ್ರಸಂಗವನ್ನೇ ಬಿಡಿಸಿ ತೋರಿಸುತ್ತೇನೆ. ಆ ಬೋಧಕರು ಇಡೀ ಪ್ರಸಂಗವನ್ನು ಮೂರು 'ದೊಡ್ಡ'ಗಳ ಮೇಲೆ ನಿಲ್ಲಿಸಿದ್ದರು. ಗ್ರೀಕ್ ಮೂಲದಲ್ಲಿ ದೊಡ್ಡದು ಎಂಬ ಅರ್ಥದ 'ಮೆಗಾಸ್' ಎಂಬ ಗುಣವಾಚಕವು ಈ ಏಳು ವಚನಗಳಲ್ಲಿ ಮೂರು ಸಲ ಬರುತ್ತದೆ: 37ರಲ್ಲಿ ದೊಡ್ಡ ಬಿರುಗಾಳಿ, 39ರಲ್ಲಿ ದೊಡ್ಡ ಶಾಂತತೆ, 41ರಲ್ಲಿ ದೊಡ್ಡ ಭಯ. ಬಿರುಗಾಳಿ ನಿಂತ ಮೇಲೆಯೇ ಶಿಷ್ಯರು ಮಹಾ ಭಯಗೊಂಡರು ಎಂಬುದು ಅವರ ಪ್ರಸಂಗದ ತಿರುವು.

ಇದರಲ್ಲಿ ಆ ಪದ ಮೂರು ಸಲ ಬರುತ್ತದೆ ಎಂಬುದು ಯಾರ ಸೊತ್ತೂ ಅಲ್ಲ. ಗ್ರೀಕ್ ಪಠ್ಯವನ್ನು ತೆರೆದವರಿಗೆಲ್ಲ ಅದು ಕಾಣುತ್ತದೆ, ಅನೇಕ ವ್ಯಾಖ್ಯಾನಗಳು ಅದನ್ನು ಹೇಳುತ್ತವೆ. ಅದನ್ನು ಹೇಳಲು ಹೆಸರು ಬೇಡ, ಆದರೆ ನೀವೇ ಪಠ್ಯದಲ್ಲಿ ನೋಡಿ ಖಚಿತಪಡಿಸಿಕೊಂಡಿರಬೇಕು. ಆ ಮೂರನ್ನೇ ಕಂಬಗಳಾಗಿ ಮಾಡಿ, ಅದೇ ಕ್ರಮದಲ್ಲಿ, ಅದೇ ತಿರುವಿನೊಂದಿಗೆ ಇಡೀ ಪ್ರಸಂಗವನ್ನು ಕಟ್ಟುವುದಾದರೆ ಆ ಕಟ್ಟಡ ಅವರದು; ಒಮ್ಮೆಯಾದರೂ ಹೆಸರು ಹೇಳಬೇಕು. ಶಿಷ್ಯರನ್ನು ಗಾಳಿಗಿಂತ ಮೌನವೇ ಹೆಚ್ಚು ನಡುಗಿಸಿತು ಎಂದು ಅವರು ಹೇಳಿದ ವಾಕ್ಯ ಅವರ ಬಾಯಿಂದ ಬಂದ ಮಾತು; ಅದನ್ನು ಅವರ ಮಾತೆಂದೇ ಹೇಳಬೇಕು.

ಉಳಿದದ್ದು ಸ್ವಂತ ಅನುಭವದ ಕಥೆ, ಮತ್ತು ಇದರಲ್ಲಿ ನನಗೆ ಯಾವ ರಿಯಾಯಿತಿಯೂ ಕಾಣುವುದಿಲ್ಲ. ಮಗಳ ಶಸ್ತ್ರಚಿಕಿತ್ಸೆಯ ರಾತ್ರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ದೇವರ ಮೇಲೆ ಕೂಗಾಡಿದ್ದನ್ನು ಆ ಬೋಧಕರು ಹೇಳಿದ್ದರು. ಇನ್ನೊಬ್ಬರು ಈ ಕಥೆಯನ್ನು 'ನಾನು' ಎಂದು ಹೇಳಿದರೆ ಅದು ಎರವಲಲ್ಲ, ಸುಳ್ಳುಸಾಕ್ಷಿ. 'ನನ್ನ ಸ್ನೇಹಿತರೊಬ್ಬರು' ಎಂದು ಹೇಳುವುದೂ ಸುಳ್ಳೇ, ಏಕೆಂದರೆ ಅವರು ನಿಮ್ಮ ಸ್ನೇಹಿತರಲ್ಲ. ಬೋಧಕರ ಸ್ವಂತ ಜೀವನದ ಕಥೆಯನ್ನು ಅವರ ಹೆಸರಿನೊಂದಿಗೆ ಹೇಳಿರಿ, ಇಲ್ಲವೇ ಬಿಟ್ಟುಬಿಡಿರಿ. ಸಭೆಯವರು ನಿಮ್ಮ ಮನೆಮಕ್ಕಳನ್ನು ಬಲ್ಲವರು. ಪ್ರಸಂಗ ಮುಗಿದ ಮೇಲೆ ನಿಮ್ಮ ಮಗಳ ಬಳಿಗೆ ಹೋಗಿ, ಅಮ್ಮಾ, ನಿನಗೆ ಯಾವಾಗ ಆಪರೇಷನ್ ಆಯಿತು ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ.

ಸಂಶಯ ಬಂದಾಗ ನಾನು ನನಗೇ ಹಾಕಿಕೊಳ್ಳುವ ಪ್ರಶ್ನೆ ಇದು: ಆ ಬೋಧಕರು ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೆ ನಾನು ಯಾವ ವಾಕ್ಯದ ಹತ್ತಿರ ಬಂದಾಗ ತಡವರಿಸುತ್ತಿದ್ದೆ? ಆ ವಾಕ್ಯಕ್ಕೆ ಹೆಸರು ಬೇಕು.

ಇಡೀ ಪ್ರಸಂಗವನ್ನೇ ತೆಗೆದುಕೊಳ್ಳುವುದಾದರೆ

ಬೇರೆಯವರ ಪ್ರಸಂಗವನ್ನು ಪೂರ್ತಿಯಾಗಿ ಓದುವುದು ಸಭೆಯ ಇತಿಹಾಸದಲ್ಲಿ ಅವಮಾನದ ಕೆಲಸವಾಗಿರಲಿಲ್ಲ. ಚೆನ್ನಾಗಿ ಮಾತನಾಡಬಲ್ಲವರು, ಆದರೆ ಏನು ಮಾತನಾಡಬೇಕೆಂದು ತಾವೇ ಕಟ್ಟಲಾರದವರು, ಇತರರು ಬರೆದದ್ದನ್ನು ಬಾಯಿಪಾಠ ಮಾಡಿ ಜನರ ಮುಂದೆ ಹೇಳಿದರೆ ತಪ್ಪಿಲ್ಲ ಎಂದು ಸಂತ ಅಗಸ್ಟಿನ್ ಐದನೆಯ ಶತಮಾನದಲ್ಲೇ ಬರೆದಿದ್ದಾನೆ. ಒಬ್ಬರಿಂದೊಬ್ಬರು ದೇವರ ಮಾತನ್ನು ಕದಿಯುವ ಪ್ರವಾದಿಗಳನ್ನು ಖಂಡಿಸುವ ಯೆರೆಮೀಯ 23:30ನ್ನು ಅವನು ಇಂಥವರಿಗೆ ಅನ್ವಯಿಸುವುದಿಲ್ಲ. ಒಳ್ಳೆಯ ಮಾತನ್ನಾಡಿ ಅದಕ್ಕೆ ವಿರುದ್ಧವಾಗಿ ಬದುಕುವವನೇ ಕಳ್ಳನೆಂಬುದು ಅವನ ವಾದ. 542ರಲ್ಲಿ ತೀರಿಕೊಂಡ ಆರ್ಲ್ಸ್‌ನ ಬಿಷಪ್ ಸಿಸೇರಿಯಸ್ ತನ್ನ ಪ್ರಸಂಗಗಳ ಸಂಗ್ರಹಗಳನ್ನು ಬೇರೆ ಯಾಜಕರು ಬಳಸಲೆಂದೇ ಕಳುಹಿಸುತ್ತಿದ್ದನು. 1547ರಲ್ಲಿ ಇಂಗ್ಲೆಂಡಿನ ಸಭೆಗಳಲ್ಲಿ ಓದಲೆಂದು ಸಿದ್ಧ ಪ್ರಸಂಗಗಳ ಪುಸ್ತಕವೇ ಹೊರಬಂತು.

ಇವುಗಳನ್ನು ತೋರಿಸಿ ಇಂದು ಗುಟ್ಟಾಗಿ ನಕಲು ಮಾಡುವುದನ್ನು ಸಮರ್ಥಿಸುವವರನ್ನು ನಾನು ಕಂಡಿದ್ದೇನೆ, ಆದರೆ ಆ ಹೋಲಿಕೆ ನಿಲ್ಲುವುದಿಲ್ಲ. ಸಿದ್ಧ ಪುಸ್ತಕದಿಂದ ಓದುತ್ತಿದ್ದಾರೆಂಬುದು ಕೇಳುವವರಿಗೆ ತಿಳಿದಿತ್ತು. ಇಂದಿನ ಕೇಳುಗರು ಎದುರಿಗಿರುವವನು ಈ ವಾರ ವಾಕ್ಯದೊಂದಿಗೆ ಕುಳಿತು, ತಮ್ಮನ್ನು ನೆನೆದು, ಇದನ್ನು ಸಿದ್ಧಮಾಡಿದ್ದಾನೆಂದು ನಂಬಿ ಬಂದಿರುತ್ತಾರೆ. ಆದುದರಿಂದ ಕಾಯಿಲೆಯಾದ ವಾರ, ಮೂರು ಶವಸಂಸ್ಕಾರಗಳಾದ ವಾರ, ಇಡೀ ಪ್ರಸಂಗವನ್ನು ತೆಗೆದುಕೊಳ್ಳಿರಿ; ಆದರೆ ಆರಂಭದಲ್ಲೇ ಹೇಳಿರಿ: "ಈ ವಾರ ನನಗೆ ಸಿದ್ಧಮಾಡಲು ಸಮಯ ಸಿಗಲಿಲ್ಲ. ನನ್ನನ್ನು ಬಲಪಡಿಸಿದ ಇಂಥವರ ಪ್ರಸಂಗವನ್ನು ನಿಮಗೆ ಓದಿ ಹೇಳುತ್ತೇನೆ." ಜನರು ಇದನ್ನು ತುಂಬ ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಹಣ ಕೊಟ್ಟು ಕೊಂಡ ಪ್ರಸಂಗಕ್ಕೂ ಇದೇ ನಿಯಮ. ಬಳಸುವ ಅನುಮತಿಯನ್ನು ಕೊಳ್ಳಬಹುದು, ನಾನೇ ಬರೆದೆನೆಂದು ತೋರಿಸಿಕೊಳ್ಳುವ ಹಕ್ಕನ್ನು ಕೊಳ್ಳಲಾಗುವುದಿಲ್ಲ.

ಕಾನೂನಿನ ವಿಷಯದಲ್ಲಿ ಒಂದೇ ಮಾತು. ಬರ್ನ್ ಒಪ್ಪಂದವೆಂಬ ಅಂತರರಾಷ್ಟ್ರೀಯ ಒಪ್ಪಂದವು ಕೃತಿಸ್ವಾಮ್ಯದಿಂದ ರಕ್ಷಿತವಾದ ಕೃತಿಗಳನ್ನು ಹೆಸರಿಸುವಾಗ ಉಪನ್ಯಾಸಗಳ ಜೊತೆಗೆ ಪ್ರಸಂಗಗಳನ್ನೂ ಸ್ಪಷ್ಟವಾಗಿ ಸೇರಿಸಿದೆ. ಯೋಚನೆಗೆ ರಕ್ಷಣೆಯಿಲ್ಲ, ಅದನ್ನು ಹೇಳಿದ ಪದರೂಪಕ್ಕೆ ಇದೆ. ಆದ್ದರಿಂದ ಬೇರೆಯವರ ಪ್ರಸಂಗವನ್ನು ಅನುವಾದಿಸಿ ಮುದ್ರಿಸುವುದಕ್ಕೂ ಅದನ್ನೇ ನಿಮ್ಮ ದನಿಯಲ್ಲಿ ಓದಿ ಅಂತರ್ಜಾಲಕ್ಕೆ ಏರಿಸುವುದಕ್ಕೂ ಲಿಖಿತ ಅನುಮತಿ ಬೇಕು. ಹೆಸರು ಹೇಳಿದ ಮಾತ್ರಕ್ಕೆ ಅದು ಸಾಲದು. ಅವಧಿ ಮುಗಿದ ಹಳೆಯ ಪ್ರಸಂಗಗಳಿಗೆ ಅನುಮತಿ ಬೇಡ, ಹೆಸರು ಮಾತ್ರ ಬೇಕೇ ಬೇಕು.

ಹಂತ 4: ಸಂಗತಿಗಳನ್ನು ಮೂಲದಲ್ಲಿ ನೋಡುವುದು

ಪ್ರಸಂಗದಿಂದ ಪ್ರಸಂಗಕ್ಕೆ ಹಾರುತ್ತಾ ಬಂದ ಸಂಗತಿಗಳಲ್ಲಿ ಸುಳ್ಳು ಬಹಳ ಕಾಲ ಬದುಕುತ್ತದೆ. ಸೂಜಿಯ ಕಣ್ಣು ಎಂಬುದು ಯೆರೂಸಲೇಮಿನ ಗೋಡೆಯಲ್ಲಿದ್ದ ಒಂದು ಚಿಕ್ಕ ಬಾಗಿಲಿನ ಹೆಸರು, ಒಂಟೆಯು ಹೊರೆ ಇಳಿಸಿ ಮೊಣಕಾಲೂರಿದರೆ ಅದರೊಳಗೆ ನುಗ್ಗಬಹುದಿತ್ತು ಎಂಬ ವಿವರಣೆಯನ್ನು ಕೇಳದ ಕ್ರೈಸ್ತರು ವಿರಳ. ಅಂಥ ಹೆಸರಿನ ಬಾಗಿಲು ಯೇಸುವಿನ ಕಾಲದಲ್ಲಿ ಇತ್ತೆಂಬುದಕ್ಕೆ ಯಾವ ಆಧಾರವೂ ಇಲ್ಲ. ಈ ವಿವರಣೆ ಎಷ್ಟೋ ಶತಮಾನಗಳ ನಂತರ ಹುಟ್ಟಿದ್ದು. ಅದಕ್ಕಿಂತ ಹೆಚ್ಚಾಗಿ, ಅಸಾಧ್ಯವೆಂದು ಹೇಳುವ ಮಾತನ್ನು ಅದು ಕಷ್ಟಸಾಧ್ಯವೆಂದು ಮಾಡಿ ಬಿಡುತ್ತದೆ. ಇಂಥ ಮಾತನ್ನು ಹೆಸರು ಹೇಳಿ ಎರವಲು ಪಡೆದರೂ ಜವಾಬ್ದಾರಿ ತಪ್ಪುವುದಿಲ್ಲ, ಏಕೆಂದರೆ ನಿಮ್ಮ ಸಭೆಯವರು ಅದನ್ನು ನಂಬುವುದು ನಿಮ್ಮ ಬಾಯಿಂದ ಕೇಳಿದ್ದಕ್ಕೆ.

ನಾನು ಕೇಳಿದ ಪ್ರಸಂಗದಲ್ಲಿ ಪರೀಕ್ಷಿಸಬೇಕಾದವು ಎರಡಿದ್ದವು. ಗಲಿಲಾಯ ಸರೋವರವು ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಸುತ್ತಲಿನ ಬೆಟ್ಟಗಳಿಂದ ಗಾಳಿ ಹಠಾತ್ತನೆ ಇಳಿಯುತ್ತದೆ ಎಂಬುದು ಯಾವ ಒಳ್ಳೆಯ ಬೈಬಲ್ ನಕಾಶೆ ಪುಸ್ತಕದಲ್ಲೂ ಸಿಗುತ್ತದೆ, ಸರಿಯಾಗಿತ್ತು. ಯೇಸು ಸರೋವರಕ್ಕೆ ಹೇಳಿದ ಎರಡನೆಯ ಆಜ್ಞೆಯ ಕ್ರಿಯಾಪದಕ್ಕೆ ಬಾಯಿಗೆ ಕಟ್ಟುಹಾಕುವುದೆಂಬ ಮೂಲಾರ್ಥವಿದೆ, ಮಾರ್ಕ 1:25ರಲ್ಲಿ ಅಶುದ್ಧಾತ್ಮಕ್ಕೆ ಹೇಳಿದ್ದೂ ಅದೇ ಕ್ರಿಯಾಪದ ಎಂಬುದು ಎರಡನೆಯದು, ಅದೂ ಸರಿಯಾಗಿತ್ತು. ಇದನ್ನು ಹುಡುಕುತ್ತಾ ಹೋದಾಗ ಅವರು ಹೇಳದ ಒಂದು ಸಂಗತಿ ನನಗೆ ಸಿಕ್ಕಿತು. 1 ತಿಮೊಥೆಯ 5:18ರಲ್ಲಿ ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬಲ್ಲಿಯೂ ಇದೇ ಕ್ರಿಯಾಪದವಿದೆ. ಅವರು ನಾಯಿಯ ಬಾಯಿಗೆ ಹಾಕುವ ಪಟ್ಟಿಯ ಚಿತ್ರವನ್ನು ಬಳಸಿದ್ದರು. ನಮ್ಮ ಭಾಷೆಯಲ್ಲಿ 'ಬಾಯಿ ಕಟ್ಟು' ಎಂಬ ಮಾತೇ ಇರುವಾಗ ನನಗೆ ಆ ಚಿತ್ರ ಬೇಕಾಗಲೇ ಇಲ್ಲ. ಪರೀಕ್ಷಿಸಲು ಹೋದವನಿಗೆ ಸ್ವಂತದ್ದೂ ಸಿಗುವುದು ಹೀಗೆ.

ಹಂತ 5: ನಿಮ್ಮ ಕೇಳುಗರಿಗೆ ತಕ್ಕಂತೆ ಮಾಡುವುದು

ಹೆಸರು ಹೇಳುವುದಕ್ಕಿಂತ ಕಷ್ಟದ ಕೆಲಸ ಇದು. ಪ್ರಸಂಗದ ವಿವರಣೆಯ ಭಾಗ ಒಂದು ಸಭೆಯಿಂದ ಇನ್ನೊಂದಕ್ಕೆ ಸುಲಭವಾಗಿ ಬರುತ್ತದೆ, ಅನ್ವಯದ ಭಾಗ ಬರುವುದೇ ಇಲ್ಲ. ಏಕೆಂದರೆ ಅನ್ವಯವನ್ನು ಆ ಬೋಧಕರು ತಮ್ಮ ಎದುರಿಗಿದ್ದ ಮುಖಗಳನ್ನು ನೋಡಿ ಬರೆದಿರುತ್ತಾರೆ. ನಾನು ಕೇಳಿದ ಪ್ರಸಂಗ ದೊಡ್ಡ ನಗರದ ಸಭೆಯೊಂದಕ್ಕೆ ಕೊಟ್ಟದ್ದು. ಕೇಳುತ್ತಿದ್ದವರಲ್ಲಿ ಬಹುಮಂದಿ ಕೆಲಸ ಹೋದೀತೆಂಬ ಭಯದಲ್ಲಿದ್ದ ನಡುವಯಸ್ಸಿನವರು. ಅವರಿಗೆ ಬಿರುಗಾಳಿ ಇನ್ನೂ ಬರಬೇಕಾದದ್ದು, ಅಥವಾ ಈಗ ಬೀಸುತ್ತಿರುವುದು. ದೋಣಿ ಮುಳುಗುವುದಿಲ್ಲ ಎಂಬ ಮಾತು ಅವರಿಗೆ ಆಸರೆ. ನನ್ನ ಸಭೆ ನಲವತ್ತು ಜನರದು. ಅರ್ಧದಷ್ಟು ಮಂದಿ ಅರವತ್ತು ದಾಟಿದವರು, ಅನೇಕರ ಬಿರುಗಾಳಿ ಬಂದು, ಕೊಂಡೊಯ್ಯುವುದನ್ನು ಕೊಂಡೊಯ್ದು ಹೋಗಿತ್ತು.

ಆದ್ದರಿಂದ ಎರವಲು ಪಡೆದ ಅನ್ವಯದ ಪ್ರತಿಯೊಂದು ವಾಕ್ಯವನ್ನೂ ಒಂದು ಕಾಗದದಲ್ಲಿ ಬರೆದು, ಅದರ ಎದುರಿಗೆ ನಿಮ್ಮ ಸಭೆಯ ಮೂವರನ್ನು ಮನಸ್ಸಿನಲ್ಲೇ ಕೂರಿಸಿರಿ: ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡವರು, ನಂಬಿಕೆಯಲ್ಲಿ ಹೊಸಬರು, ಮತ್ತು ನಿಮ್ಮ ಮಾತನ್ನು ಅಷ್ಟಾಗಿ ನಂಬದೆ ಕುಳಿತಿರುವ ಹದಿಹರೆಯದವರು. ಪ್ರತಿಯೊಬ್ಬರೂ ಆ ವಾಕ್ಯವನ್ನು ಕೇಳಿ ಮನೆಗೆ ಹೋಗುವಾಗ ಏನು ಯೋಚಿಸುತ್ತಾರೆಂದು ಪಕ್ಕದಲ್ಲಿ ಬರೆಯಿರಿ. ಈ ಕಾಗದವನ್ನು ಯಾರಿಗೂ ತೋರಿಸಬೇಡಿರಿ, ಕೆಲಸ ಮುಗಿದ ಮೇಲೆ ಹರಿದುಹಾಕಿರಿ.

ಯೇಸು ಇರುವ ದೋಣಿ ಮುಳುಗುವುದಿಲ್ಲ ಎಂಬ ವಾಕ್ಯವನ್ನು ಹೀಗೆ ಇಟ್ಟು ನೋಡಿದಾಗ ಮೊದಲನೆಯವರ ಎದುರೇ ಅದು ಬಿದ್ದುಹೋಯಿತು. ಆಮೇಲೆ ಅದು ಪಠ್ಯದ ಎದುರಾದರೂ ನಿಲ್ಲುತ್ತದೆಯೇ ಎಂದು ನೋಡಿದೆ. ಆ ಸಂಜೆ ದೋಣಿ ಮುಳುಗಲಿಲ್ಲ, ನಿಜ. ಆದರೆ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದನೆಂದು ಅಪೊಸ್ತಲರ ಕೃತ್ಯಗಳು 12:2 ಹೇಳುತ್ತದೆ. ಯೇಸುವಿನೊಂದಿಗಿದ್ದವನು ಅಕಾಲದಲ್ಲಿ ಸಾಯುವುದಿಲ್ಲ ಎಂಬ ಭರವಸೆಯನ್ನು ಈ ವಾಕ್ಯಭಾಗ ಕೊಡುವುದಿಲ್ಲ. ಅಂದರೆ ನಾನು ಎತ್ತಿಕೊಂಡಿದ್ದ ವಾಕ್ಯ ನನ್ನ ಸಭೆಗೆ ಹೊಂದಲಿಲ್ಲವೆಂಬುದಷ್ಟೇ ಅಲ್ಲ, ವಾಕ್ಯಭಾಗ ಹೇಳುವುದಕ್ಕಿಂತ ಹೆಚ್ಚಿನದನ್ನು ಅದು ಹೇಳುತ್ತಿತ್ತು. ಕೇಳುಗರ ಎದುರು ಇಟ್ಟು ನೋಡಿದ್ದರಿಂದಲೇ ಆ ಬಿರುಕು ಕಂಡಿತು.

ಅದರ ಜಾಗಕ್ಕೆ ಬಂದದ್ದು ನನ್ನ ಅರ್ಧ ಪುಟದ ಎರಡನೆಯ ಸಂಗತಿ. ಶಿಷ್ಯರು ಯೇಸುವನ್ನು ಎಬ್ಬಿಸಿದ್ದು ದೂರಿನಿಂದ. ಅವನು ಮೊದಲು ಗದರಿಸಿದ್ದು ಗಾಳಿಯನ್ನು. ಶಿಷ್ಯರನ್ನು ಪ್ರಶ್ನಿಸಿದ್ದು ಆಮೇಲೆ. ನಿನಗೆ ಚಿಂತೆಯಿಲ್ಲವೇ ಎಂದು ಕೇಳಿದವರನ್ನು ಅವನು ದೋಣಿಯಿಂದ ಇಳಿಸಲಿಲ್ಲ. ದುಃಖದಲ್ಲಿರುವವರು ದೇವರೊಂದಿಗೆ ಜಗಳವಾಡಬಹುದು, ಅದೂ ಪ್ರಾರ್ಥನೆಯೇ ಎಂಬ ಅನ್ವಯ ನನ್ನ ನಲವತ್ತು ಜನರಿಗೆ ಬೇಕಾಗಿತ್ತು. ಬೋಧಕರ ಆಸ್ಪತ್ರೆಯ ಕಥೆ ಇದಕ್ಕೆ ಸರಿಯಾಗಿ ಕೂಡುತ್ತಿತ್ತು. ಅವರ ಪ್ರಸಂಗದಲ್ಲಿ ಅದು ಬೇರೆ ಕೆಲಸಕ್ಕೆ ಬಳಕೆಯಾಗಿತ್ತಾದ್ದರಿಂದ, ಅವರು ಇದನ್ನು ಬೇರೆ ಸಂದರ್ಭದಲ್ಲಿ ಹೇಳಿದ್ದಾರೆಂಬುದನ್ನೂ ನಾನು ಸೇರಿಸಿ ಹೇಳಿದೆ. ಎರವಲಿನ ಕಥೆಯಿಂದ ಅದನ್ನು ಹೇಳಿದವರು ಹೇಳಿಸದ ಮಾತನ್ನು ಹೇಳಿಸುವುದೂ ಒಂದು ಅಪ್ರಾಮಾಣಿಕತೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಅಂತಿಮ ಪ್ರತಿಯಲ್ಲಿ ಉದ್ಧರಣ ಚಿಹ್ನೆಯವು ಮತ್ತು 'ಅ' ಗುರುತಿನವು ಎಲ್ಲವನ್ನೂ ಪೆನ್ಸಿಲಿನಿಂದ ಹೊಡೆದು, ಉಳಿದದ್ದನ್ನು ಓದಿರಿ. ಆರಂಭದಿಂದ ಅಂತ್ಯದವರೆಗೆ ಒಂದು ದಾರಿ ಕಾಣುತ್ತಿದ್ದರೆ ಅದು ನಿಮ್ಮ ಪ್ರಸಂಗ, ಎರವಲುಗಳು ಅದರಲ್ಲಿ ಅತಿಥಿಗಳು. ಉಳಿದದ್ದು ಬರೀ ಜೋಡಣೆಯ ವಾಕ್ಯಗಳಾಗಿದ್ದರೆ, ಇಡೀ ಪ್ರಸಂಗ ಅವರದೆಂದು ಮೊದಲೇ ಹೇಳಿಬಿಡುವುದು ಸರಿ. ನನ್ನದರಲ್ಲಿ ಸುಮಾರು ಕಾಲುಭಾಗ ಹೊಡೆದುಹೋಯಿತು.

ಹಂತ 6: ಹೆಸರನ್ನು ಬಾಯಿಬಿಟ್ಟು ಹೇಳುವುದು

ಬರವಣಿಗೆಯಲ್ಲಿ ಅಡಿಟಿಪ್ಪಣಿ ಹಾಕಬಹುದು, ಮಾತಿನಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ಹೆಸರು ವಾಕ್ಯದೊಳಗೇ ಸೇರಬೇಕು, ಚಿಕ್ಕದಾಗಿರಬೇಕು ಮತ್ತು ಎರವಲು ಬರುವ ಮುಂಚೆಯೇ ಬರಬೇಕು. ಜನರು ಕಣ್ಣೊರೆಸಿಕೊಂಡ ಮೇಲೆ, ಇದು ನನ್ನ ಕಥೆಯಲ್ಲ ಎಂದು ಹೇಳುವುದು ಅವರಿಗೆ ಮೋಸದಂತೆ ಕಾಣುತ್ತದೆ. ಆ ಭಾನುವಾರ ನಾನು ಎರಡೇ ಸಲ ಹೆಸರು ಹೇಳಿದೆ. ಆರಂಭದಲ್ಲಿ, "ಈ ಭಾಗದಲ್ಲಿ ಮೂರು 'ದೊಡ್ಡ'ಗಳ ಹಿಂದೆ ಹೋಗುವ ದಾರಿಯನ್ನು ನನಗೆ ತೋರಿಸಿದವರು ಬೋಧಕರಾದ ಇಂಥವರು, ಅವರ ಪ್ರಸಂಗವನ್ನು ಈ ವಾರ ಕೇಳಿದೆ" ಎಂದೆ. ಕಥೆಯ ಮುಂಚೆ, "ಅದೇ ಬೋಧಕರು ತಮ್ಮ ಜೀವನದ ಒಂದು ರಾತ್ರಿಯನ್ನು ನೆನೆಯುತ್ತಾರೆ" ಎಂದೆ. ಎರಡೂ ಸೇರಿ ಅರ್ಧ ನಿಮಿಷವೂ ಆಗಲಿಲ್ಲ.

'ಒಬ್ಬ ದೇವಭಕ್ತರು ಹೇಳಿದ ಹಾಗೆ' ಎಂಬ ನಮ್ಮ ಬಳಕೆಯ ಮಾತನ್ನು ನಾನು ಬಿಟ್ಟಿದ್ದೇನೆ. ಅದು ಎರವಲನ್ನು ಒಪ್ಪಿಕೊಂಡಂತೆಯೂ ಇರುತ್ತದೆ, ಕೊಟ್ಟವರನ್ನು ಮರೆಮಾಡಿದಂತೆಯೂ ಇರುತ್ತದೆ. ನಿಜವಾಗಿಯೂ ಹೆಸರು ಗೊತ್ತಿಲ್ಲದಿದ್ದರೆ, ಎಲ್ಲಿ ಕೇಳಿದೆನೋ ನೆನಪಿಲ್ಲ, ನನ್ನ ಮಾತಂತೂ ಅಲ್ಲ ಎಂದು ಹೇಳಿದರೆ ಸಾಕು. ಆ ಬೋಧಕರ ಹೆಸರು ನಿಮ್ಮ ಸಭೆಯಲ್ಲಿ ವಿವಾದದ್ದಾಗಿದ್ದರೆ, ಹೆಸರು ಕೇಳಿದೊಡನೆ ಜನರು ವಾಕ್ಯವನ್ನು ಬಿಟ್ಟು ಆ ವ್ಯಕ್ತಿಯ ಬಗ್ಗೆ ಯೋಚಿಸತೊಡಗುತ್ತಾರೆ. ಆಗ ಹೆಸರನ್ನು ಮುಚ್ಚಿಡುವುದಕ್ಕಿಂತ ಆ ಎರವಲನ್ನೇ ಕೈಬಿಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

ನಿಮ್ಮ ಪ್ರಸಂಗವನ್ನು ಧ್ವನಿಮುದ್ರಿಸಿ ಹಂಚುವುದಾದರೆ ಅದರ ವಿವರಣೆಯಲ್ಲಿ ಮೂಲದ ಕೊಂಡಿಯನ್ನೂ ಹಾಕಿರಿ. ಕೆಲವರು ಮೂಲವನ್ನು ಕೇಳಿ, ಅದೇ ಚೆನ್ನಾಗಿದೆ ಎನ್ನುತ್ತಾರೆ. ಅದನ್ನು ತಡೆದುಕೊಳ್ಳಬೇಕಾಗುತ್ತದೆ.

ಹಿಂದೆ ತಪ್ಪಾಗಿದ್ದರೆ, ಮುಂದೆ ತಪ್ಪಾಗದಿರಲು

ಹೆಸರು ಹೇಳದೆ ಕೊಟ್ಟ ಪ್ರಸಂಗದ ನೆನಪು ಕಾಡುತ್ತಿದ್ದರೆ, ಮೊದಲು ಸಭೆಯ ಹಿರಿಯರಿಗೆ ತಿಳಿಸಿ, ಆಮೇಲೆ ಮುಂದಿನ ಭಾನುವಾರ ಪ್ರಕಟಣೆಗಳ ವೇಳೆಯಲ್ಲಿ ಎರಡು ವಾಕ್ಯಗಳಲ್ಲಿ ಸರಿಪಡಿಸಿರಿ: ಕಳೆದ ವಾರದ ಪ್ರಸಂಗದ ರೂಪರೇಖೆ ಇಂಥವರದು, ಅದನ್ನು ಹೇಳದೆ ಹೋದದ್ದು ನನ್ನ ತಪ್ಪು. ಅದರಲ್ಲಿ ಬೇರೆಯವರ ಅನುಭವವನ್ನು ನಿಮ್ಮದೆಂದು ಹೇಳಿದ್ದರೆ ಅದನ್ನೂ ಬಿಡಿಸಿ ಹೇಳಬೇಕು. ಕಾರಣಗಳನ್ನು ಕೊಡಲು ಹೋಗಬೇಡಿರಿ. ಧ್ವನಿಮುದ್ರಿಕೆ ಅಂತರ್ಜಾಲದಲ್ಲಿದ್ದರೆ ತೆಗೆಯಿರಿ ಅಥವಾ ವಿವರಣೆಯನ್ನು ತಿದ್ದಿರಿ.

ಮೊದಲ ಬಿರುಗಾಳಿ ಪ್ರಸಂಗದ ಕಡತವನ್ನು ಎರಡನೆಯ ಸಲ ತೆರೆದಾಗ ಅದರಲ್ಲಿ ಎಲ್ಲಿಯೂ ಆ ಬೋಧಕರ ಹೆಸರಿರಲಿಲ್ಲ. ದೋಣಿ ಮುಳುಗುವುದಿಲ್ಲ ಎಂಬ ವಾಕ್ಯ ನನ್ನ ವಾಕ್ಯಗಳ ಮಧ್ಯೆ, ನನ್ನದೇ ಅಕ್ಷರದಲ್ಲಿ ಇತ್ತು. ಆ ತಾಯಿಯ ಪ್ರಶ್ನೆ ನೆನಪಿರದಿದ್ದರೆ ಅದನ್ನು ನಾನೇ ಬರೆದೆನೆಂದು ನಂಬುತ್ತಿದ್ದೆ. ಈಗ ಪ್ರತಿ ಕಡತದ ಮೊದಲ ಸಾಲಿನಲ್ಲಿ, ಶೀರ್ಷಿಕೆಗೂ ಮೇಲೆ, ಮೂಲದ ವಿವರವನ್ನು ಬರೆಯುತ್ತೇನೆ, ಅದರ ಕೆಳಗೆ ಪ್ರಸಂಗ ಕೊಟ್ಟ ದಿನಾಂಕ, ಅದರ ಕೆಳಗೆ ಬಾಗಿಲ ಬಳಿ ಜನರು ಏನು ಕೇಳಿದರು ಎಂಬುದನ್ನು. ಆ ಮೊದಲ ಕಡತದ ತಲೆಯ ಮೇಲೆ ಈಗ ಆ ತಾಯಿಯ ಪ್ರಶ್ನೆ ಇದೆ.